ಶುದ್ಧ ಕ್ರಯಪತ್ರದ ಪೀಠಿಕೆ ಮತ್ತು ಸ್ವತ್ತಿನ ಷೆಡ್ಯೂಲ್ (ಇಂಗ್ಲಿಷ್ ಮೂಲದ ಕನ್ನಡ ಅನುವಾದ)

ಈ ಕೆಳಗಿನ ಷೆಡ್ಯೂಲಿನಲ್ಲಿ ವಿವರಿಸಿರುವ ಸ್ವತ್ತು ಮಾರಾಟಗಾರರಿಗೆ 14-06-2004ರ ನೋಂದಾಯಿತ ವಿಭಾಗಪತ್ರದ ಮೂಲಕ ಬಂದಿದ್ದು, ಅಂದಿನಿಂದ ಖಾತೆ ಅವರ ಹೆಸರಿನಲ್ಲಿದ್ದು, ಕಂದಾಯ ಪಾವತಿಸಿಕೊಂಡು ಅವರೇ ಸ್ವಾಧೀನಾನುಭವದಲ್ಲಿರುವುದರಿಂದಲೂ;

ಸದರಿ ಸ್ವತ್ತು ಯಾವುದೇ ಅಡಮಾನ, ಭೋಗ್ಯ, ಜಪ್ತಿ ಅಥವಾ ಜೀವನಾಂಶದ ಹಕ್ಕಿಗೆ ಒಳಪಟ್ಟಿಲ್ಲವೆಂದು ಮಾರಾಟಗಾರರು ಭರವಸೆ ನೀಡಿ, ಸಂಸಾರದ ಖರ್ಚಿನ ನಿಮಿತ್ತ ಅದನ್ನು ರೂ. 48,00,000 (ನಲವತ್ತೆಂಟು ಲಕ್ಷ ರೂಪಾಯಿ)ಗಳಿಗೆ ಮಾರಲು ಒಪ್ಪಿರುವುದರಿಂದಲೂ, ಖರೀದಿದಾರರು ಅದೇ ಮೊತ್ತಕ್ಕೆ ಕೊಳ್ಳಲು ಸಮ್ಮತಿಸಿರುವುದರಿಂದಲೂ, ಈ ಪತ್ರವು ಈ ಕೆಳಗಿನಂತೆ ಸಾಕ್ಷೀಕರಿಸುತ್ತದೆ.

ಷೆಡ್ಯೂಲ್

ಮೈಸೂರು ತಾಲ್ಲೂಕು, ಕಸಬಾ ಹೋಬಳಿಯ ವ್ಯಾಪ್ತಿಯಲ್ಲಿರುವ ನಿವೇಶನ ಸಂಖ್ಯೆ 47. ಅಳತೆ: ಪೂರ್ವ-ಪಶ್ಚಿಮವಾಗಿ ಉತ್ತರದ ಬದಿಯಲ್ಲಿ 40 ಅಡಿ, ದಕ್ಷಿಣದ ಬದಿಯಲ್ಲಿ 38 ಅಡಿ, ಉತ್ತರ-ದಕ್ಷಿಣವಾಗಿ 30 ಅಡಿ, ಒಟ್ಟು ವಿಸ್ತೀರ್ಣ 1,170 ಚದರ ಅಡಿ.

ಚಕ್ಕುಬಂದಿ:
ಪೂರ್ವಕ್ಕೆ: ನಿವೇಶನ ಸಂಖ್ಯೆ 48
ಪಶ್ಚಿಮಕ್ಕೆ: ನಿವೇಶನ ಸಂಖ್ಯೆ 46
ಉತ್ತರಕ್ಕೆ: 30 ಅಡಿ ಅಗಲದ ರಸ್ತೆ
ದಕ್ಷಿಣಕ್ಕೆ: ನಿವೇಶನ ಸಂಖ್ಯೆ 52

ಅನುವಾದಕರ ಟಿಪ್ಪಣಿ: ಎರಡು ಬದಿಗಳ ಅಳತೆ ಮೂಲದಲ್ಲಿಯೇ ಬೇರೆಬೇರೆಯಾಗಿದ್ದು, ವಿಸ್ತೀರ್ಣವು ಅವುಗಳ ಸರಾಸರಿಯಾದ 39 ಅಡಿಗೆ ತಾಳೆಯಾಗುವುದರಿಂದ, ‘40×30’ ಎಂದು ಸರಿಪಡಿಸದೆ ಇದ್ದಂತೆಯೇ ಉಳಿಸಲಾಗಿದೆ. ಮೂಲದಲ್ಲಿಲ್ಲದ ಚದರ ಮೀಟರಿನ ಲೆಕ್ಕವನ್ನು ಸೇರಿಸಿಲ್ಲ.