ಸರಳ ಲೋಲಕದಿಂದ g: ಮೂರನೇ ಬ್ಯಾಚಿನ ವರದಿ ಮಂಡನೆಗೆ ಪ್ರಶ್ನೆಗಳು

ಬಿ.ಎಸ್ಸಿ. ಮೊದಲ ಸೆಮಿಸ್ಟರ್, ಭೌತಶಾಸ್ತ್ರ ಪ್ರಯೋಗಾಲಯ, ಚಿಕ್ಕಬಳ್ಳಾಪುರ
ಮಂಡನೆ 10 ನಿಮಿಷ, ಪ್ರಶ್ನೋತ್ತರ 20 ನಿಮಿಷ, ಅಂಕ 20

ಪ್ರಶ್ನೆಗಳನ್ನು ಮೊದಲೇ ಕೊಡುತ್ತಿದ್ದೇನೆ. ಉತ್ತರ ಉರು ಹೊಡೆದು ಬಂದರೆ "ಯಾಕೆ?" ಅಂತ ಕೇಳಿದ ಕೂಡಲೇ ಗೊತ್ತಾಗಿಬಿಡುತ್ತದೆ. ರೆಕಾರ್ಡ್, ಕ್ಯಾಲ್ಕುಲೇಟರ್ ಜೊತೆಗೆ ಅವತ್ತು ಲ್ಯಾಬಿನಲ್ಲಿ ಗೀಚಿದ ಕಚ್ಚಾ ಹಾಳೆಯನ್ನೂ ತನ್ನಿ. ನನಗೆ ರೆಕಾರ್ಡಿಗಿಂತ ಆ ಹಾಳೆಯೇ ಮುಖ್ಯ.

ನಿಮ್ಮ ವರದಿಯಲ್ಲಿ ಇರುವುದು ಇಷ್ಟು: L = 100.0 ಸೆಂ.ಮೀ. 20 ಆಂದೋಲನಗಳಿಗೆ 40.12, 40.31, 39.98, 40.22, 40.17 ಸೆಕೆಂಡು. g = 9.7911 ಮೀ/ಸೆ². "ಶೇಕಡಾ ದೋಷ 0.19, ಆದ್ದರಿಂದ ಪ್ರಯೋಗ ಯಶಸ್ವಿಯಾಗಿದೆ."

1. 9.7911ರಲ್ಲಿ ಯಾವ ಅಂಕಿಗಳನ್ನು ನೀವು ಅಳೆದಿರಿ, ಯಾವುದನ್ನು ಕ್ಯಾಲ್ಕುಲೇಟರ್ ಪುಕ್ಕಟೆ ಕೊಟ್ಟಿತು?

2. ಸ್ಟಾಪ್‌ವಾಚ್ 0.01 ಸೆಕೆಂಡಿನವರೆಗೆ ತೋರಿಸುತ್ತದೆ ಎಂದು ಕಾಲದ ಅನಿಶ್ಚಿತತೆಯನ್ನು ±0.01 ಎಂದೇ ಬರೆದಿದ್ದೀರಿ. ಆದರೆ ನಿಮ್ಮ ಐದು ರೀಡಿಂಗುಗಳು 39.98ರಿಂದ 40.31ರವರೆಗೆ ಹರಡಿವೆ. ಆ ಹರವು ವಾಚಿನದೋ, ಹೆಬ್ಬೆರಳಿನದೋ? ಸರಾಸರಿಯ ಪ್ರಮಾಣಿತ ದೋಷವನ್ನು ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿ. ಐದರ ಬದಲು ಇಪ್ಪತ್ತು ಸಲ ಅಳೆದಿದ್ದರೆ ಅದು ಕಾಲು ಭಾಗಕ್ಕೆ ಇಳಿಯುತ್ತಿತ್ತೇ, ಅರ್ಧಕ್ಕೆ ಮಾತ್ರವೇ? ಎಷ್ಟು ಸಲ ಅಳೆದರೂ ಇಳಿಯದ ದೋಷ ಒಂದನ್ನು ಹೇಳಿ.

3. L ±0.1 ಸೆಂ.ಮೀ. ಎಂದು ಇಟ್ಟುಕೊಳ್ಳಿ. ಈಗ gಯ ಅನಿಶ್ಚಿತತೆ ಎಷ್ಟು? Tಯ ಶೇಕಡಾ ದೋಷ ಎರಡರಷ್ಟಾಗಿ ಬರುವುದೇಕೆ? ಲ್ಯಾಬಿನಲ್ಲಿ ಇನ್ನೊಂದು ಗಂಟೆ ಸಮಯ ಕೊಟ್ಟರೆ ಅದನ್ನು ಉದ್ದ ಅಳೆಯುವುದಕ್ಕೆ ಬಳಸುತ್ತೀರೋ, ಕಾಲ ಅಳೆಯುವುದಕ್ಕೋ?

4. ಕಚ್ಚಾ ಹಾಳೆಯಲ್ಲಿ 38.17 ಎಂಬ ಆರನೇ ರೀಡಿಂಗ್ ಇದೆ, ಅಡ್ಡಗೆರೆ ಎಳೆದಿದ್ದೀರಿ. ರೆಕಾರ್ಡಿನಲ್ಲಿ ಅದರ ಸುಳಿವೇ ಇಲ್ಲ. ಗೆರೆ ಎಳೆದದ್ದಕ್ಕೆ ಬೈಯುವುದಿಲ್ಲ, ಬಚ್ಚಿಟ್ಟದ್ದಕ್ಕೆ ಬೈಯುತ್ತೇನೆ. ಒಂದು ಆಂದೋಲನದ ಅವಧಿಯನ್ನು ನೆನಪಿಟ್ಟುಕೊಂಡು ಹೇಳಿ: 38.17 ಯಾಕೆ ಬಂದಿರಬಹುದು? ಕಾರಣ ಸಿಕ್ಕರೆ ಆ ರೀಡಿಂಗನ್ನು ಬಿಡಬಹುದೇ? ಅದೇ ಜಾಗದಲ್ಲಿ 39.60 ಬಂದಿದ್ದರೆ ಏನು ಮಾಡುತ್ತಿದ್ದಿರಿ?

5. ಈ ಪ್ರಶ್ನೆಗೆ 5 ಅಂಕ. ಶೇಕಡಾ ದೋಷವನ್ನು 9.81ಕ್ಕೆ ಹೋಲಿಸಿ ತೆಗೆದಿದ್ದೀರಿ. 9.80665 ಎಂಬುದು 1901ರಲ್ಲಿ ಒಪ್ಪಿಕೊಂಡ ಪ್ರಮಾಣಿತ ಬೆಲೆ, ನಮ್ಮೂರಲ್ಲಿ ಅಳೆದದ್ದಲ್ಲ. ಸಮಭಾಜಕಕ್ಕೆ ಹತ್ತಿರ, ಸುಮಾರು 13.4° ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ ಇದ್ದೇವೆ. ಇಲ್ಲಿ g ಸುಮಾರು 9.78. ಹಾಗಾದರೆ ನಿಮ್ಮ 0.19 ಶೇಕಡಾ ಯಾವುದರ ದೋಷ? ಮೂರನೇ ಪ್ರಶ್ನೆಯಲ್ಲಿ ಸಿಕ್ಕ ± ಹಾಕಿ ನೋಡಿದರೆ 9.78, 9.81 ಎರಡರಲ್ಲಿ ಯಾವುದನ್ನಾದರೂ ತಳ್ಳಿಹಾಕಬಲ್ಲಿರಾ?
ಪಕ್ಕದ ಬ್ಯಾಚಿಗೆ 9.70 ± 0.01 ಬಂದಿದೆ. ಅವರ ± ನಿಮ್ಮದಕ್ಕಿಂತ ಚಿಕ್ಕದು. ಹಾಗೆಂದು ಅವರ ಪ್ರಯೋಗವೇ ಮೇಲೆನ್ನಬಹುದೇ? ಅವರು 9.70 ± 0.15 ಎಂದು ಬರೆದಿದ್ದರೆ ನಿಮ್ಮ ತೀರ್ಪು ಬದಲಾಗುತ್ತಿತ್ತೇ?

6. ಗುಂಡನ್ನು ಎಷ್ಟು ಕೋನಕ್ಕೆ ಎಳೆದು ಬಿಟ್ಟಿರಿ? "ಸ್ವಲ್ಪ" ಎಂಬ ಉತ್ತರ ನಡೆಯುವುದಿಲ್ಲ. 20°ಗೆ ಎಳೆದರೆ ಅವಧಿ ಸುಮಾರು 0.76 ಶೇಕಡಾ ಹೆಚ್ಚುತ್ತದೆ. g ಯಾವ ಕಡೆಗೆ, ಎಷ್ಟು ವಾಲುತ್ತದೆ? ಇದು ಯಾದೃಚ್ಛಿಕ ದೋಷವೋ, ವ್ಯವಸ್ಥಿತ ದೋಷವೋ?

7. ನಿಮ್ಮ L–T² ಗ್ರಾಫಿನ ಗೆರೆ ಮೂಲಬಿಂದುವಿನ ಮೂಲಕ ಹೋಗುತ್ತಿಲ್ಲ, T² ಅಕ್ಷವನ್ನು 0.05 ಸೆ² ಹತ್ತಿರ ಕತ್ತರಿಸುತ್ತದೆ. "ಪ್ರಾಯೋಗಿಕ ದೋಷ" ಎಂದು ಬರೆದು ಕೈತೊಳೆದುಕೊಂಡಿದ್ದೀರಿ. ಗ್ರಾಫಿಗೆ ಉದ್ದವನ್ನು ಕೊಕ್ಕೆಯವರೆಗೆ ಮಾತ್ರ ಅಳೆದಿರೋ, ಗುಂಡಿನ ಕೇಂದ್ರದವರೆಗೋ? ಆ 0.05ನ್ನು ಸೆಂಟಿಮೀಟರಿಗೆ ತಿರುಗಿಸಿ, ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದ ಗುಂಡಿನ ತ್ರಿಜ್ಯದ ಜೊತೆ ಹೋಲಿಸಿ. ಈ ತಪ್ಪು ಇದ್ದರೂ ಗೆರೆಯ ಇಳಿಜಾರಿನಿಂದ ಬರುವ g ಕೆಡುವುದಿಲ್ಲ, ಏಕೆ?

8. ಇದೇ ದಾರ, ಇದೇ ಗುಂಡು, ಇದೇ ಸ್ಟಾಪ್‌ವಾಚ್ ಹಿಡಿದು ನಂದಿಬೆಟ್ಟ ಹತ್ತಿದಿರಿ ಎನ್ನಿ. ತುದಿ ಇಲ್ಲಿಗಿಂತ ಸುಮಾರು 550 ಮೀಟರ್ ಮೇಲಿದೆ. ಬೆಟ್ಟದ ಬಂಡೆಯ ಸೆಳೆತವನ್ನು ಬಿಟ್ಟು ನೋಡಿದರೆ ಪ್ರತಿ ಕಿಲೋಮೀಟರಿಗೆ g ಸುಮಾರು 0.003 ಮೀ/ಸೆ² ಇಳಿಯುತ್ತದೆ. ನಿಮ್ಮ ಪ್ರಯೋಗಕ್ಕೆ ಈ ವ್ಯತ್ಯಾಸ ಕಾಣುತ್ತದೆಯೇ? ಅಲ್ಲಿ 9.76 ಬಂದರೆ "ಎತ್ತರದಿಂದ g ಕಡಿಮೆಯಾಯಿತು" ಎಂದು ವರದಿ ಬರೆಯುತ್ತೀರಾ? ಕಾಣಲೇಬೇಕೆಂದರೆ ಎಷ್ಟು ಆಂದೋಲನ ಎಣಿಸಬೇಕು, ಆಮೇಲೆ ಉದ್ದದ ಗತಿ ಏನು?

ಒಬ್ಬರೇ ಮಾತಾಡಿ ಉಳಿದವರು ಸ್ಟ್ಯಾಂಡ್ ಹಿಡಿದು ನಿಲ್ಲುವುದು ಬೇಡ. ಯಾರು ಯಾವುದಕ್ಕೆ ಉತ್ತರಿಸಬೇಕೆಂದು ನಾನೇ ಹೇಳುತ್ತೇನೆ. "ಗೊತ್ತಿಲ್ಲ ಸರ್, ಆದರೆ ಹೀಗೆ ಅಳೆದು ನೋಡಬಹುದು" ಎಂದವರಿಗೆ ಅರ್ಧ ಅಂಕ ಖಂಡಿತ. "ಮಾನವ ದೋಷ ಸರ್" ಎಂದವರಿಗೆ ಸೊನ್ನೆ. ಫ್ಯಾನ್ ಆಫ್ ಮಾಡಿದ್ದಿರೋ ಇಲ್ಲವೋ ಅಂತಲೂ ಕೇಳುತ್ತೇನೆ.