ಕೊಡೆ ಮರೆಯುವ ಗೆಳೆಯನ ಆರತಕ್ಷತೆಯಲ್ಲಿ ನಾಲ್ಕು ಮಾತು

ಎಲ್ಲರಿಗೂ ನಮಸ್ಕಾರ. ಫೋಟೋಗೆ ಸಾಲು ನಿಂತಿರುವವರು ದಯವಿಟ್ಟು ಕ್ಷಮಿಸಬೇಕು. ಹತ್ತು ನಿಮಿಷ ಸಾಲು ಮುಂದೆ ಹೋಗುವುದಿಲ್ಲ. ಹುಡುಗ ಹುಡುಗಿಗೂ ಸ್ವಲ್ಪ ವಿಶ್ರಾಂತಿ ಸಿಗಲಿ. ಏಳು ಗಂಟೆಯಿಂದ ಒಂದೇ ಸಮ ನಗುತ್ತಿದ್ದಾರೆ, ಪಾಪ, ದವಡೆ ನೋಯುತ್ತಿರಬೇಕು. ಕೂತ್ಕೊಳ್ಳಿ ಇಬ್ಬರೂ.

ನಾನು ಹರೀಶ. ಶ್ರೀನಿಧಿ ಮತ್ತು ನಾನು ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಇವತ್ತು ನೀನು ಟೋಸ್ಟ್ ಹೇಳಬೇಕು ಅಂತ ಅವನ ಆಫೀಸಿನವರು ನನಗೆ ಹೇಳಿದರು. ಆ ಮಾತು ನಿಧಿಯ ದೊಡ್ಡಪ್ಪನ ಕಿವಿಗೆ ಬಿದ್ದಿದೆ. ಅವರು ಸೀದಾ ಅಡುಗೆಯವರ ಹತ್ತಿರ ಹೋಗಿ, "ಟೋಸ್ಟ್ ಯಾವಾಗ ಸೇರಿಸಿದಿರಿ? ಪಟ್ಟಿಯಲ್ಲಿ ಇರಲಿಲ್ಲವಲ್ಲ" ಅಂತ ಕೇಳಿದರಂತೆ. ಅಡುಗೆಯವರು, "ಸ್ವಾಮಿ, ಅದಕ್ಕೆ ಅಯ್ಯಂಗಾರ್ ಬೇಕರಿಗೆ ಹೋಗಬೇಕು, ನಮ್ಮ ಹತ್ತಿರ ಚಿರೋಟಿ ಇದೆ" ಅಂದರಂತೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಇದು ಬ್ರೆಡ್ ಟೋಸ್ಟ್ ಅಲ್ಲ. ಬರೀ ಮಾತು. ಊಟ ಎಂಟೂವರೆಗೇ, ಅದರಲ್ಲಿ ಬದಲಾವಣೆ ಇಲ್ಲ.

ಹುಡುಗನ ಕಡೆಯವರು ಬಸವನಗುಡಿ, ಹುಡುಗಿ ಕಡೆಯವರು ಮಲ್ಲೇಶ್ವರ. ಇದು ಸಣ್ಣ ವಿಷಯ ಅಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪೇಟೆ ಬಿಟ್ಟ ಜನ ಈ ಎರಡೂ ಬಡಾವಣೆಗೆ ಹಂಚಿಹೋದರು. ಯಾರು ಒಳ್ಳೆಯ ಕಡೆ ಹೋದರು ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ. ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಇಬ್ಬರು ಹಿರಿಯರು ದೋಸೆ ಯಾವ ಕಡೆ ಚೆನ್ನಾಗಿರುತ್ತದೆ ಅಂತ ವಾದ ಮಾಡುತ್ತಾ ಇದ್ದರು. ಅಷ್ಟರಲ್ಲಿ ಎಲೆಯ ಮೇಲಿದ್ದ ಇಡ್ಲಿ ಆರಿ ಕಲ್ಲಾಯಿತು. ಕಾರ್ತಿಕದ ಕೊನೆಯ ಸೋಮವಾರ ನಮ್ಮ ದೊಡ್ಡ ಬಸವಣ್ಣನ ಗುಡಿ ಮುಂದೆ ಕಡಲೆಕಾಯಿ ಪರಿಷೆ. ಈಗ ಅವರೂ ಕಾಡು ಮಲ್ಲೇಶ್ವರನ ಗುಡಿ ಹತ್ತಿರ ಪರಿಷೆ ಮಾಡುತ್ತಾರೆ. ಇನ್ನು ಮೇಲೆ ನಿಧಿಗೆ ಎರಡೂ ಕಡೆ ಕಡಲೆಕಾಯಿ. ತಿನ್ನಲಿ, ಹೊಟ್ಟೆ ಅವನದು.

ಬೆಳಿಗ್ಗೆ ಕಾಶಿಯಾತ್ರೆ ನೋಡಿದಿರಿ ಅಲ್ವಾ? ನೋಡದವರಿಗೆ ಹೇಳುತ್ತೇನೆ. ಪಂಚೆ, ಪಾದುಕೆ, ಕೈಯಲ್ಲಿ ಕೋಲು, ಕೊಡೆ. ಸಂಸಾರವೇ ಬೇಡ, ಕಾಶಿಗೆ ಹೋಗುತ್ತೇನೆ ಅಂತ ಹುಡುಗ ಹೊರಡಬೇಕು. ಹುಡುಗಿಯ ತಂದೆ ತಡೆದು, ಬೇಡಪ್ಪ, ನನ್ನ ಮಗಳನ್ನು ಕೊಡುತ್ತೇನೆ ಅನ್ನಬೇಕು. ನಮ್ಮವನು ಎರಡು ಹೆಜ್ಜೆ ಇಟ್ಟ, ಅಷ್ಟೇ. ಮಾವನವರು ಬಾಯಿ ತೆರೆಯುವ ಮೊದಲೇ ತಿರುಗಿ ಬಂದುಬಿಟ್ಟ! ಪುರೋಹಿತರು, "ಇನ್ನೂ ನಾಲ್ಕು ಹೆಜ್ಜೆ ಹೋಗಪ್ಪ, ಶಾಸ್ತ್ರಕ್ಕಾದರೂ ಹೋಗು" ಅಂತ ವಾಪಸ್ ಕಳಿಸಬೇಕಾಯಿತು. ನಾನು ಅನೇಕ ಮದುವೆ ನೋಡಿದ್ದೇನೆ. ಕಾಶಿಗೆ ಇಷ್ಟು ಬೇಗ ಹೋಗಿ ಬಂದವರನ್ನು ನೋಡಿಲ್ಲ.

ಅವನ ಕೈಯಲ್ಲಿ ಕೊಡೆ ನೋಡಿದಾಗ ನನಗೆ ಮಾತ್ರ ಎದೆ ಧಸಕ್ ಅಂತು. ಯಾಕೆ ಅಂತ ಹೇಳುತ್ತೇನೆ.

ಶ್ರೀನಿಧಿ ಕೊಡೆ ಕಳೆಯುತ್ತಾನೆ. ವರ್ಷಕ್ಕೆ ಒಂದಾದರೂ ಹೋಗಲೇಬೇಕು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಂದು ಸಲ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ. ನಾವು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವನು ಕಳೆದದ್ದು ಸ್ವಂತ ಕೊಡೆ ಅಲ್ಲ, ಅಪ್ಪನ ಕೊಡೆ. ಅಂಕಲ್ ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ನಾನು ಸುಳ್ಳು ಹೇಳಿದರೆ ತಡೆಯಬಹುದು. ಉದ್ದ ಕಪ್ಪು ಕೊಡೆ, ಬೆತ್ತದ ಹಿಡಿ, ಒಳಗಡೆ ಬಿಳಿ ದಾರದಲ್ಲಿ ಅಂಕಲ್ ಹೆಸರಿನ ಅಕ್ಷರ ಹೊಲಿದಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಎಲ್ಲದಕ್ಕೂ ಗುರುತು ಇರಬೇಕು.

ಮೆಜೆಸ್ಟಿಕ್‌ನಿಂದ ಬರುವಾಗ ಕೊಡೆ ಬಸ್ಸಿನಲ್ಲೇ ಉಳಿಯಿತು. "ಡಿಪೋಗೆ ಹೋಗಿ ಕೇಳು, ತರದೆ ಮನೆಗೆ ಬರಬೇಡ" ಅಂದರು ಅಂಕಲ್. ಜೊತೆಗೆ ನಾನೂ ಹೋದೆ. ಅಲ್ಲಿ ಒಂದು ಮೂಲೆಯಲ್ಲಿ ಹತ್ತು ಹನ್ನೆರಡು ಕೊಡೆ ಒರಗಿಸಿಟ್ಟಿದ್ದರು. ಎಲ್ಲವೂ ಕಪ್ಪು, ಎಲ್ಲವೂ ಉದ್ದ. ನಿಧಿ ಒಂದನ್ನು ಕೈಗೆತ್ತಿಕೊಂಡು, "ಇದೇ, ಹಿಡಿ ನೋಡಿದರೇ ಗೊತ್ತಾಗುತ್ತೆ" ಅಂದ. ಬಿಡಿಸಿ ನೋಡೋಣ ಅಂದೆ. ಒಳಗೆ ಕೊಡೆ ಬಿಡಿಸಬಾರದು, ಅಜ್ಜಿ ಬೈತಾರೆ ಅಂದ.

ಮನೆಗೆ ಬಂದೆವು. ಅಂಕಲ್ ಅಂಗಳಕ್ಕೆ ಹೋಗಿ ಕೊಡೆ ಬಿಡಿಸಿದರು. ಒಳಗೆ ಹೊಲಿದಿದ್ದ ಅಕ್ಷರ ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಆಂಟಿಯನ್ನು ಕರೆದು ಹೇಳಿದರು: "ನೋಡೇ, ಕೊಡೆ ತಗೊಂಡು ಬಾ ಅಂತ ಕಳಿಸಿದರೆ ನಿನ್ನ ಮಗ ಅಪ್ಪನನ್ನೇ ಬದಲಾಯಿಸಿಕೊಂಡು ಬಂದಿದ್ದಾನೆ!"

ಆ ಕೊಡೆಯ ಹಿಡಿಗೆ ಒಂದು ಪ್ಲಾಸ್ಟರ್ ಸುತ್ತಿ ಫೋನ್ ನಂಬರ್ ಬರೆದಿದ್ದರು. ಹಿಡಿ ನೋಡಿಯೇ ಗುರುತು ಹಿಡಿದ ನಮ್ಮ ಜಾಣನಿಗೆ ಅದು ಕಂಡಿರಲಿಲ್ಲ. ಫೋನ್ ಮಾಡಿದರೆ ವಿಜಯನಗರದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು. ನಿಧಿ ಈಗಲೇ ಕೊಟ್ಟು ಬರೋಣ ಅಂತ ಹೊರಟ. ನಾಳೆ ಹೋದರಾಗದೇ ಅಂದೆ. "ಮಳೆ ಬರೋ ಹಾಗಿದೆ ಕಣೋ, ಅವರಿಗೆ ಬೇಕಾಗುತ್ತೆ" ಅಂದ.

ಮಳೆ ಬಂತು. ಬಸ್ಸಿಳಿದು ಹತ್ತು ನಿಮಿಷದ ದಾರಿ. ಬೆಂಗಳೂರಿನ ಸಂಜೆ ಮಳೆ ನಿಮಗೆ ಗೊತ್ತೇ ಇದೆ, ಹನಿಯಲ್ಲ, ಬಿಂದಿಗೆಯಲ್ಲಿ ಸುರಿದ ಹಾಗೆ. ಕೊಡೆ ಬಿಡಿಸೋ ಅಂದೆ. ಇವನು ಬಿಡಿಸಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡ. "ಬೇರೆಯವರದು ಕಣೋ, ಒದ್ದೆ ಮಾಡಿ ಕೊಡೋಕಾಗುತ್ತಾ?" ಅಂದ. ಕೊಡೆ ಇರುವುದೇ ಒದ್ದೆ ಆಗೋಕೆ ಅಂತ ನಾನು ಆ ದಾರಿ ಪೂರ್ತಿ ವಿವರಿಸಿದೆ. ಕೇಳಲಿಲ್ಲ. ಇಬ್ಬರೂ ಕೋಳಿಮರಿಗಳ ಹಾಗೆ ತೊಯ್ದು ಮೇಷ್ಟ್ರ ಬಾಗಿಲು ತಟ್ಟಿದೆವು. ಅವರು ನಮ್ಮನ್ನು ನೋಡಿದರು, ಕೊಡೆಯನ್ನು ನೋಡಿದರು. "ಅಲ್ಲಯ್ಯಾ, ಕೈಯಲ್ಲಿ ಕೊಡೆ ಇದ್ದೂ ನೆನೆದಿದ್ದೀರಲ್ಲ?" ಅಂದರು. ನಿಧಿ, "ಸಾರ್, ಅದು ನಿಮ್ಮದು" ಅಂದ.

ಮೇಷ್ಟ್ರು ನಕ್ಕು ನಕ್ಕು ಕೆಮ್ಮು ಬಂತು. ಅವರ ಮನೆಯವರು ಟವೆಲ್ ಕೊಟ್ಟರು, ಕಾಫಿ ಕೊಟ್ಟರು, ಖಾರದ ಅವಲಕ್ಕಿ ಕೊಟ್ಟರು. ಹೊರಡುವಾಗ ಇನ್ನೂ ಮಳೆ. ಮೇಷ್ಟ್ರು ಅದೇ ಕೊಡೆಯನ್ನು ನಮ್ಮ ಕೈಗೆ ಕೊಟ್ಟು, "ಬಿಡಿಸಿಕೊಂಡು ಹೋಗಿ, ನಾಳೆ ತಂದುಕೊಡಿ" ಅಂದರು. ಮರುದಿನ ಅದು ಸುರಕ್ಷಿತವಾಗಿ ವಾಪಸ್ ಹೋಯಿತು. ಹಿಡಿದುಕೊಂಡಿದ್ದವನು ನಾನು. ಅಂಕಲ್ ಕೊಡೆ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಆ ಮೇಷ್ಟ್ರು ಮೇಘನಾ ಅವರ ತಾತ ಇರಬೇಕು ಅಂತ ನೀವು ಊಹಿಸುತ್ತಿದ್ದೀರಿ, ನನಗೆ ಗೊತ್ತು. ಅಲ್ಲ. ಇದು ಸಿನಿಮಾ ಅಲ್ಲ ಸ್ವಾಮಿ, ಮದುವೆ.

ಆದರೆ ಮದುವೆಗೂ ಕೊಡೆಗೂ ಸಂಬಂಧ ಇದೆ. ಹೋದ ವರ್ಷ ಹೆಣ್ಣು ನೋಡೋಕೆ ಅಂತ ಮಲ್ಲೇಶ್ವರಕ್ಕೆ ಹೋದರು. ಜಾತಕ ಕೂಡಿತ್ತು, ಉಪ್ಪಿಟ್ಟು ಕೇಸರಿಬಾತ್ ಆಯಿತು, ಹುಡುಗ ಹುಡುಗಿ ಇಪ್ಪತ್ತು ನಿಮಿಷ ಮಾತಾಡಿದರು. ಫೋನ್ ಮಾಡಿ ತಿಳಿಸುತ್ತೇವೆ ಅಂತ ಎದ್ದು ಬಂದರು. ಬರುವಾಗ, ನಿಮಗೆ ಗೊತ್ತೇ ಇದೆ, ನಿಧಿ ಕೊಡೆ ಅಲ್ಲೇ ಬಿಟ್ಟ.

ರಾತ್ರಿ ಮೇಘನಾ ಅವರ ತಂದೆಯಿಂದ ಫೋನ್. ಎತ್ತಿಕೊಂಡವರು ಅಂಕಲ್. ಪಕ್ಕದಲ್ಲಿ ಅಜ್ಜಿ. ಅಜ್ಜಿಗೆ ಕಿವಿ ಸ್ವಲ್ಪ ದೂರ, ಕುತೂಹಲ ಜಾಸ್ತಿ. "ಏನಂತಾರೆ?" ಅಂದರು. ಅಂಕಲ್ ಫೋನ್ ಕೈಯಲ್ಲಿ ಮುಚ್ಚಿಕೊಂಡು, "ಕೊಡೆ ಅಂತೆ" ಅಂದರು.

ಅಜ್ಜಿ ಮುಖ ಸಣ್ಣಗಾಯಿತು. "ಕೊಡೆ ಅಂತಾರಾ? ನಮ್ಮ ಹುಡುಗನಿಗೆ ಏನು ಕಮ್ಮಿ?"

"ಅಲ್ಲಮ್ಮ, ಕೊಡೆ! ಕೊಡೆ ಕೊಡ್ತಾರಂತೆ!"

"ಕೊಡೆ ಅಂತಾರೋ, ಕೊಡ್ತೀನಿ ಅಂತಾರೋ? ಒಂದೇ ಮಾತು ಸರಿಯಾಗಿ ಹೇಳೋಕೆ ಹೇಳು ಅವರಿಗೆ!"

ಇದೆಲ್ಲಾ ಫೋನಿನ ಆ ಕಡೆ ಚೆನ್ನಾಗಿ ಕೇಳುತ್ತಿತ್ತು. ಮಾವನವರು ಗಂಭೀರ ಮನುಷ್ಯರು. ಅವರು ಹೇಳಿದ್ದು ಇಷ್ಟೇ: "ಅಜ್ಜಿಗೆ ಹೇಳಿ, ಎರಡೂ ಕೊಡ್ತೀವಿ."

ಅಲ್ಲಿಗೆ ಮಾತು ಮುಗಿಯಿತು. ಕೊಡೆ ಬೇಕಂತಲೇ ಬಿಟ್ಟು ಬಂದೆಯಾ ಅಂತ ಅತ್ತೆಯಂದಿರೆಲ್ಲಾ ಇವನನ್ನು ಕೇಳಿದ್ದಾರೆ. ಇವನು ಸುಮ್ನೆ ನಗುತ್ತಾನೆ, ಏನೋ ದೊಡ್ಡ ಉಪಾಯ ಮಾಡಿದವನ ಹಾಗೆ. ನನ್ನನ್ನು ಕೇಳಿ. ಖಂಡಿತ ಮರೆತದ್ದೇ.

ಕೊಡೆ ಉಳಿಸಿಕೊಳ್ಳೋಕೆ ಬಾರದವನು ಮೇಘನಾ ಅನ್ನುವ ಹುಡುಗಿಯನ್ನೇ ಮದುವೆ ಆಗಿದ್ದಾನೆ, ಇದಕ್ಕೆ ನಾನೇನು ಹೇಳಲಿ? ಆದರೆ ಮೇಘನಾ ಅವರೇ, ನಿಮ್ಮ ಬುದ್ಧಿಗೆ ನನ್ನ ದೊಡ್ಡ ನಮಸ್ಕಾರ. ನಿಶ್ಚಿತಾರ್ಥದ ದಿನ ಆ ಕೊಡೆ ವಾಪಸ್ ಬಂತು. ಒಳಗೆ ಕೆಂಪು ದಾರದಲ್ಲಿ ಒಂದು ಫೋನ್ ನಂಬರ್ ಹೊಲಿದಿತ್ತು. ಅವನದಲ್ಲ, ನಿಮ್ಮದು. ಯಾಕೆ ಅಂತ ಕೇಳಿದ್ದಕ್ಕೆ, "ಫೋನೂ ಜೊತೆಗೇ ಕಳೆದಿದ್ದರೆ?" ಅಂದಿರಿ. ಇಪ್ಪತ್ತು ವರ್ಷದಲ್ಲಿ ನಮಗ್ಯಾರಿಗೂ ಇದು ಹೊಳೆದಿರಲಿಲ್ಲ. ಎಂಟು ತಿಂಗಳಾಯಿತು, ಕೊಡೆ ಇನ್ನೂ ಇದೆ. ನಮ್ಮ ಕಡೆ ಇದನ್ನು ಪವಾಡ ಅಂತಾರೆ.

ನಿಮಗೆ ಇನ್ನೊಂದು ಮಾತು. ಇವನು ಹಾಲು ತರೋಕೆ ಹೋಗಿ ಪೇಪರ್ ತರುತ್ತಾನೆ, ಬೀಗ ಹಾಕಿ ಕೀ ಒಳಗೇ ಬಿಡುತ್ತಾನೆ. ರೂಢಿ ಆಗುತ್ತದೆ. ಆದರೆ ನಿಮ್ಮದು ಅಂತ ಏನಾದರೂ ಇವನ ಕೈಗೆ ಕೊಟ್ಟರೆ, ಎಂಥ ಮಳೆ ಬಂದರೂ ಕಂಕುಳಲ್ಲಿಟ್ಟು ಕಾಪಾಡುತ್ತಾನೆ. ಅವತ್ತು ವಿಜಯನಗರದ ರಸ್ತೆಯಲ್ಲಿ ನೆನೆಯುತ್ತಾ ನಾನು ಇವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ. ನಿಧಿ, ಆ ಬೈಗುಳ ಇವತ್ತು ವಾಪಸ್ ತಗೊಂಡಿದ್ದೇನೆ. ಅರ್ಧ ಮಾತ್ರ. ಎರಡು ದಿನ ಜ್ವರ ಬಂದಿತ್ತು ಕಣೋ.

ಈಗ ಹಿರಿಯರೆಲ್ಲಾ ಕೂತಲ್ಲಿಂದಲೇ ಒಂದು ಸಲ ಕೈ ಎತ್ತಿ ಆಶೀರ್ವಾದ ಮಾಡಬೇಕು. ಕೈಯಲ್ಲಿ ಬಾದಾಮಿ ಹಾಲಿನ ಲೋಟ ಇರುವವರು ಲೋಟವನ್ನೇ ಎತ್ತಬಹುದು, ಆಫೀಸಿನವರಿಗೂ ಸಮಾಧಾನ ಆಗಲಿ. ಶ್ರೀನಿಧಿ, ಮೇಘನಾ, ನೂರು ಕಾಲ ಒಂದೇ ಕೊಡೆ ಕೆಳಗೆ ಚೆನ್ನಾಗಿರಿ.

ಕೊನೆಗೆ ಒಂದು ಪ್ರಕಟಣೆ. ಬೆಳಿಗ್ಗೆ ಕಾಶಿಯಾತ್ರೆಗೆ ತಂದಿದ್ದ ಕೊಡೆ ಮಧ್ಯಾಹ್ನದಿಂದ ಕಾಣುತ್ತಿಲ್ಲ. ಯಾರಿಗಾದರೂ ಸಿಕ್ಕರೆ ದಯವಿಟ್ಟು ನನ್ನ ಕೈಗೆ ಕೊಡಿ. ಅವನ ಕೈಗೆ ಬೇಡ.