ಕೊಡಚಾದ್ರಿ ದಿನಚರಿ, ಡಿಸೆಂಬರ್ 2022: ಅಪ್ಪ ಓದಲಿಕ್ಕೆ

ನಡೆಯುತ್ತಾ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ ಇಟ್ಟದ್ದನ್ನು ಮನೆಗೆ ಬಂದು ಬರೆದಿದ್ದೇನೆ. ಅಪ್ಪನಿಗೆ ಈಗ ಕಿವಿ ಮಂದ. ಫೋನ್ ಕಿವಿಗಿಟ್ಟರೂ ಮಾತು ಬಿಡಿಸಿ ಕೇಳುವುದಿಲ್ಲ. ಓದಲಿಕ್ಕೆ ಮಾತ್ರ ದಿನಾ ಏನಾದರೂ ಬೇಕೇ ಬೇಕು. ದಾರಿ, ಹೊತ್ತು, ಕಂಡದ್ದು ಎಲ್ಲ ಆಗ ಹೇಳಿದ ಹಾಗೇ ಇದೆ. ಒಂದೇ ಮಾತು ಮತ್ತೆ ಮತ್ತೆ ಬಂದಲ್ಲಿ ಒಂದು ಸಲ ಸಾಕು ಅಂತ ಬಿಟ್ಟಿದ್ದೇನೆ. ಉದ್ಧರಣ ಚಿಹ್ನೆಯೊಳಗೆ ಇರುವುದು ಅಲ್ಲೇ, ಆಗಲೇ ಬಾಯಿಂದ ಬಂದದ್ದು.

16 ಡಿಸೆಂಬರ್ 2022, ಶುಕ್ರವಾರ. ಶಿವಮೊಗ್ಗ, ಹೊಸನಗರ, ನಗರ, ನಿಟ್ಟೂರು

ಮಧ್ಯಾಹ್ನ ಊಟ ಮುಗಿಸಿ ನಾನು, ತಮ್ಮ ಬಸ್ಸು ಹತ್ತಿದೆವು. ಹೊಸನಗರ ದಾಟಿದ ಮೇಲೆ ತಿರುವು ಜಾಸ್ತಿ, ಮಾತು ಕಡಿಮೆ. ನಗರದ ಕೋಟೆ ಬಸ್ಸಿನ ಕಿಟಕಿಯಿಂದಲೇ ಕಂಡಿತು. ಕೆಳದಿ ನಾಯಕರ ಬಿದನೂರು ಇದೇ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರವಾಯಿತು, ಈಗ ಬರೀ ನಗರ. ಗೋಡೆಯ ಮೇಲೆ ಸಂಜೆ ಬಿಸಿಲು ಬಿದ್ದಿತ್ತು. ಇಳಿದು ನೋಡಲು ಹೊತ್ತಿರಲಿಲ್ಲ.

ರಾತ್ರಿ 8 ಗಂಟೆ. ನಿಟ್ಟೂರಿನ ಹತ್ತಿರ ತೋಟದ ಮನೆಯೊಂದರಲ್ಲಿ ಉಳಿದಿದ್ದೇವೆ. ಅಡಿಕೆ ಕೊಯ್ಲಿನ ಕಾಲ. ಅಂಗಳದಲ್ಲಿ ಒಂದು ಬಲ್ಬು, ಅದರ ಕೆಳಗೆ ಸಾಲಾಗಿ ಮೆಟ್ಟುಗತ್ತಿ. ಸುಲಿಯುವವರ ಕೈ ನೋಡುತ್ತಾ ಕೂತರೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಕಾಯಿಯನ್ನು ಕತ್ತಿಗೆ ಒತ್ತುವುದು, ಒಂದು ತಿರುವು, ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಕೈ ನೋಡಿಕೊಳ್ಳುವುದೇ ಇಲ್ಲ, ಬಾಯಲ್ಲಿ ಊರ ಸುದ್ದಿ. ಪಕ್ಕದಲ್ಲಿ ಹಂಡೆಯಲ್ಲಿ ಅಡಿಕೆ ಬೇಯುತ್ತಿದೆ. "ಅಪ್ಪ, ಈ ಚೊಗರಿನ ವಾಸನೆ ನಿನ್ನ ಹಳೇ ಟವೆಲ್ಲಿನಲ್ಲಿ ಇರ್ತಿತ್ತಲ್ಲ, ಅದೇ."

ಮನೆಯ ಅಕ್ಕ ನಾಳೆಗೆ ಬುತ್ತಿ ಕಟ್ಟಿಕೊಡುತ್ತೇನೆ ಎಂದರು. "ಅಬ್ಬಿ ಹತ್ತಿರ ಉಂಬಳ ಇರ್ತದೆ, ಕಾಲಿಗೆ ಸುಣ್ಣ-ತಂಬಾಕು ಹಚ್ಕೊಳ್ಳಿ" ಎಂದು ಡಬ್ಬಿಯನ್ನೂ ಕೊಟ್ಟರು.

17 ಡಿಸೆಂಬರ್, ಶನಿವಾರ. ಮರಕುಟಕ, ಹಿಡ್ಲುಮನೆ ಅಬ್ಬಿ, ಹುಲ್ಲುಗಾವಲು, ಮೂಲ ಮೂಕಾಂಬಿಕೆ ಗುಡಿ, ಸರ್ವಜ್ಞ ಪೀಠ

ಬೆಳಿಗ್ಗೆ 7.30. ಮರಕುಟಕದವರೆಗೆ ಜೀಪಿನಲ್ಲಿ ಬಂದು ನಡಿಗೆ ಶುರು. ಮೊದಲು ತೋಟ, ಗದ್ದೆ ಬದಿ, ಆಮೇಲೆ ಕಾಡು. ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು.

9.15. ಹಿಡ್ಲುಮನೆ. ನೀರು ಒಂದೇ ಸಲ ಬೀಳುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಾವು ಅದರ ಪಕ್ಕದ ಬಂಡೆ ಹಿಡಿದೇ ಮೇಲೆ ಹತ್ತಬೇಕು. ಡಿಸೆಂಬರಾದ್ದರಿಂದ ನೀರು ಸಣ್ಣದು. ಬಂಡೆಯ ಜಾರು ಮಾತ್ರ ಸಣ್ಣದಲ್ಲ. ಒಂದು ಕಡೆ ಕೈಗೆ ಬೇರು ಸಿಗುತ್ತದೆ, ಕಾಲಿಗೆ ಏನೂ ಸಿಗುವುದಿಲ್ಲ. ಅಲ್ಲಿ ನಿಜಕ್ಕೂ ಹೆದರಿದೆ. ತಮ್ಮ ಮೇಲಿನಿಂದ ಕೈ ಕೊಟ್ಟ. "ಎಡಗಾಲು, ಎಡಗಾಲು ಇಡೇ, ಕೆಳಗೆ ನೋಡಬೇಡ." ಇದು ಅವನ ಧ್ವನಿ, ಹಿಂದೆ ನೀರಿನ ಸದ್ದು. ಹತ್ತಿ ಕೂತ ಮೇಲೆ ನೀರಿಗೆ ಮುಖ ಒಡ್ಡಿದೆ. ಹೆದರಿಕೆ ಹೋಗಿ ನಗು ಬಂತು, ಸುಮ್ನೆ ಬಂತು.

ಉಂಬಳ ಹತ್ತಿದ್ದು ತಮ್ಮನಿಗೆ. ಸುಣ್ಣ-ತಂಬಾಕು ಬೇಡವೆಂದವನೂ ಅವನೇ.

10.40. ಅಬ್ಬಿಯ ಮೇಲೆ ಒಳಗಾಡು. ಬಿಸಿಲು ನಾಣ್ಯದಷ್ಟಗಲ ಅಲ್ಲಲ್ಲಿ. ತಲೆಯ ಮೇಲೆ ದೊಡ್ಡ ಉಸಿರು ಬಿಟ್ಟಂತೆ ಸದ್ದಾಯಿತು. ನೋಡಿದರೆ ಮಂಗಟ್ಟೆ, ಜೋಡಿ. ರೆಕ್ಕೆಯ ಸದ್ದೇ ಅಷ್ಟು ದೊಡ್ಡದು. "ಕಂಡಿತಾ? ಕಂಡಿತಾ?" ಎಂದು ಇಬ್ಬರೂ ಒಟ್ಟಿಗೆ ಕೇಳಿದ್ದು ಉಳಿದಿದೆ, ಉತ್ತರ ಯಾರೂ ಹೇಳಿಲ್ಲ. ಕಂಡಿತು, ಅಪ್ಪ.

12 ಗಂಟೆ ಹೊತ್ತಿಗೆ ಕಾಡು ಮುಗಿಯಿತು. ಮುಗಿಯಿತು ಅಂದರೆ ಒಂದು ಹೆಜ್ಜೆ ನೆರಳಲ್ಲಿ, ಮುಂದಿನ ಹೆಜ್ಜೆ ಬಟ್ಟ ಬಯಲಲ್ಲಿ. ಸೊಂಟದೆತ್ತರ ಹುಲ್ಲು, ಒಣಗಿ ಹೊಂಬಣ್ಣ. ಇಲ್ಲಿ ಫೋನಿನಲ್ಲಿ ಇರುವುದು ಗಾಳಿ ಮಾತ್ರ. ನಾನು ಮಾತಾಡಿಯೇ ಇಲ್ಲ. ಆದರೆ ಏನು ನೋಡುತ್ತಿದ್ದೆ ಎನ್ನುವುದು ಚೆನ್ನಾಗಿ ನೆನಪಿದೆ, ಅದಕ್ಕೇ ಬರೆಯುತ್ತೇನೆ. ಗಾಳಿ ಹುಲ್ಲಿನ ಮೇಲೆ ಬರುವುದು ದೂರದಿಂದಲೇ ಕಾಣುತ್ತದೆ. ಕೆಳಗಿನ ಇಳಿಜಾರು ಮೊದಲು ಬಾಗುತ್ತದೆ, ಆಮೇಲೆ ನಡುವಿನದು, ಆಮೇಲೆ ನಮ್ಮ ಕಾಲ ಬಳಿಯದು, ಆಮೇಲೆ ನನ್ನ ದುಪಟ್ಟಾ. ಪೂರ್ವಕ್ಕೆ ಗುಡ್ಡಗಳ ನಡುವೆ ಲಿಂಗನಮಕ್ಕಿಯ ಹಿನ್ನೀರು ಬಿಳಿಯಾಗಿ ಹರಡಿತ್ತು. ಅಪ್ಪ ಇಲ್ಲಿ ನಿಂತಿರಬೇಕಿತ್ತು ಅನ್ನಿಸಿ ಗಂಟಲು ಕಟ್ಟಿತು. ಮಾತಾಡದ್ದು ಅದಕ್ಕೆ.

ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಅಲ್ಲೇ ಖಾಲಿ.

2 ಗಂಟೆ. ಜೀಪಿನ ಕೆಮ್ಮಣ್ಣು ರಸ್ತೆ ಸೇರಿ, ಧೂಳು ಕುಡಿದು, ಮೂಲ ಮೂಕಾಂಬಿಕೆಯ ಗುಡಿ ತಲುಪಿದೆವು. ಕೆಲವು ಜೀಪಿನವರು ಜೋರಾಗಿ ಹಾಡು ಹಾಕಿದ್ದರು. ಇಂಥ ಜಾಗದಲ್ಲಿ ಅದು ಬೇಡ, ಯಾರಾದರೂ ಹೇಳಲೇಬೇಕು. ಗುಡಿಯ ಮುಂದಿನ ಕಬ್ಬಿಣದ ಕಂಬವನ್ನು ಅಪ್ಪ ವಿಚಾರಿಸಿ ಬಾ ಎಂದಿದ್ದರು. ಸುಮಾರು 40 ಅಡಿ, ಹಾಗೇ ನೆಟ್ಟಗೆ ನಿಂತಿದೆ. ದೇವಿಯ ತ್ರಿಶೂಲ ಎಂದು ಭಕ್ತರು ನಂಬುತ್ತಾರೆ. ಮುಟ್ಟಿ ನೋಡಿದೆ. ಅಂಥ ಬಿಸಿಲಿನಲ್ಲೂ ನೆರಳಿನ ಕಡೆ ತಣ್ಣಗಿತ್ತು.

5.45. ಸರ್ವಜ್ಞ ಪೀಠ. 1,343 ಮೀಟರ್. ಗಣೇಶ ಗುಹೆಯ ಬಳಿ ಸ್ವಲ್ಪ ಕೂತು, ಆಮೇಲಿನ ಏರನ್ನು ಒಂದೇ ಉಸಿರಿಗೆ ಹತ್ತಿದೆವು. ಪೀಠ ಎಂದರೆ ಸಣ್ಣ ಕಲ್ಲಿನ ಮಂಟಪ, ಒಳಗೆ ಶಂಕರಾಚಾರ್ಯರ ಮೂರ್ತಿ. ದೊಡ್ಡದೇನೋ ಇರುತ್ತದೆ ಎಂದುಕೊಂಡು ಬಂದವರಿಗೆ ಅಷ್ಟೇನಾ ಅನ್ನಿಸಬಹುದು. ನನಗೆ ಆ ಸಣ್ಣತನವೇ ಹಿಡಿಸಿತು. ಸುತ್ತ ಇಷ್ಟು ಆಕಾಶ ಇರುವಾಗ ಕಟ್ಟಡ ಇನ್ನೆಷ್ಟು ಬೇಕು?

"ಅಪ್ಪ, ಸಮುದ್ರ ಕಾಣ್ತಿದೆ. ಗೆರೆ ಥರ. ತಮ್ಮ ಮೋಡ ಅಂತಾನೆ, ಅಲ್ಲ, ಸಮುದ್ರವೇ." ಸೂರ್ಯ ಕೆಳಗಿಳಿದಾಗ ಆ ಗೆರೆ ಹೊಳೆಯಿತು, ತಮ್ಮ ಒಪ್ಪಿದ. ಚಿತ್ರಮೂಲದ ಗುಹೆಗೆ ಇಳಿಯಲಿಲ್ಲ. ದಾರಿ ಕಡಿದು, ಬೆಳಕು ಸಾಲದು. ಟಾರ್ಚ್ ಹಿಡಿದು ಗುಡಿಗೆ ಮರಳಿದೆವು. ಭಟ್ಟರ ಮನೆಯಲ್ಲಿ ಅನ್ನ, ಸಾರು, ಮಜ್ಜಿಗೆ. ಮೂರು ಸಲ ಬಡಿಸಿಕೊಂಡೆ.

18 ಡಿಸೆಂಬರ್, ಭಾನುವಾರ. ಕೊಡಚಾದ್ರಿಯಿಂದ ಕೊಲ್ಲೂರಿಗೆ

ಬೆಳಿಗ್ಗೆ 7ಕ್ಕೆ ಹೊರಟೆವು. ಇಳಿಯುವುದು ಸುಲಭ ಎನ್ನುವವರು ಈ ದಾರಿ ಇಳಿದಿಲ್ಲ. ಮೊಣಕಾಲು ಪ್ರತಿ ಹೆಜ್ಜೆಗೂ ಮಾತಾಡುತ್ತದೆ. ಕಾಡಿನ ನಡುವೆ ಒಂದು ಚಿಕ್ಕ ಹೋಟೆಲಿನಲ್ಲಿ ಚಹಾ, ಅವಲಕ್ಕಿ. ಮಧ್ಯಾಹ್ನಕ್ಕೆ ಡಾಂಬರು ರಸ್ತೆ, ಅಲ್ಲಿಂದ ಬಸ್ಸಿನಲ್ಲಿ ಕೊಲ್ಲೂರು. ಸೌಪರ್ಣಿಕಾದಲ್ಲಿ ಕಾಲು ಇಳಿಬಿಟ್ಟು ಕೂತದ್ದು ಈ ದಿನದ ದೊಡ್ಡ ಸುಖ.

ರಾತ್ರಿ ದೇವಸ್ಥಾನದಲ್ಲಿ ಪೂಜೆ ಆದಮೇಲೆ ಕಷಾಯ ತೀರ್ಥ ಕೊಟ್ಟರು. ಖಾರ, ಸಿಹಿ, ಬಿಸಿ. ಗಂಟಲಿನಿಂದ ಕಾಲಿನವರೆಗೆ ಇಳಿದ ಹಾಗಾಯಿತು.

ಅಪ್ಪನಿಗೆ ಒಂದು ಮಾತು. ಜೀಪು ಗುಡಿಯ ತನಕ ಬರುತ್ತದೆ. ರಸ್ತೆ ತುಂಬಾ ಕುಲುಕುತ್ತದೆ, ಡ್ರೈವರ್ ಪಕ್ಕದ ಸೀಟು ಬೇಕು, ಬೆನ್ನಿಗೆ ದಿಂಬು ಬೇಕು. ಕಂಬ, ಗುಡಿ ನೋಡಲು ಹತ್ತುವ ಕೆಲಸವೇ ಇಲ್ಲ. ಪೀಠದ ಏರು ಬೇಡ. ನಿಟ್ಟೂರಿನ ಜೀಪಿನವರ ನಂಬರು ತಮ್ಮ ಬರೆದುಕೊಂಡಿದ್ದಾನೆ. ಫೆಬ್ರವರಿಯಲ್ಲಿ ಹುಲ್ಲು ಇನ್ನೂ ಇರುತ್ತದಂತೆ, ಬಿಸಿಲೂ ಜೋರಿರುವುದಿಲ್ಲವಂತೆ. ಯಾವ ವಾರ ಅಂತ ನೀನು ಹೇಳು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ.